ಬಾವಿಯ ಕಮಾನುಗಳಿಗೆ ಎರಡು ಸೆಂಟ್ರಿಂಗು

ಹಳೆಯ ಕಟ್ಟಡಗಳ ದುರಸ್ತಿಗೆ ಎಸ್ಟಿಮೇಟು ಬರೆಯುವುದು ನನ್ನ ಕಸುಬು. ಇಂಡಿ ಪಟ್ಟಣದಲ್ಲಿ ಒಂದು ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯೇ ನನ್ನ ಕಚೇರಿ. ಸಿವಿಲ್ ಓದಿದ ಹೆಂಗಸು ಯಾಕೆ ಹೀಗೆ ಬಿದ್ದ ಗೋಡೆಗಳ ಹಿಂದೆ ತಿರುಗುತ್ತಾಳೆ ಎಂದು ಮೊದಮೊದಲು ಕೇಳುತ್ತಿದ್ದವರು ಈಗ ಕೇಳುವುದನ್ನು ಬಿಟ್ಟಿದ್ದಾರೆ. ನನ್ನ ಸಿಟ್ಟು ಅವರಿಗೆಲ್ಲ ಪರಿಚಯವಾಗಿದೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಡುವ ವಯಸ್ಸೂ ನನಗೆ ದಾಟಿತು.

ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರಿಸುವುದು ಒಂದು ಶಬ್ದ. 'ಸಹಿತ' ಎನ್ನುವ ಶಬ್ದ. ಸರಕಾರಿ ದರಪಟ್ಟಿಯನ್ನು ತೆಗೆದು ನೋಡಿ. ಕಲ್ಲಿನ ಕಟ್ಟಡ, ಘನ ಮೀಟರಿಗೆ ಇಷ್ಟು, ಸಾಮಾನು ಸಹಿತ, ಕೂಲಿ ಸಹಿತ, ಅಟ್ಟಣಿಗೆ ಸಹಿತ, ನೀರುಣಿಸುವುದು ಸಹಿತ. ದೊಡ್ಡ ಗುತ್ತಿಗೆದಾರನಿಗೆ ಇದು ಸರಿಹೋಗುತ್ತದೆ. ಅವನ ಹತ್ತಿರ ಗೋಡೌನು ಇರುತ್ತದೆ, ಅದರಲ್ಲಿ ಹತ್ತು ಕೆಲಸದ ಕಟ್ಟಿಗೆ, ಪೈಪು, ಹಲಗೆ ಬಿದ್ದಿರುತ್ತವೆ. ಒಂದು ಐಟಂನಲ್ಲಿ ಹೋದದ್ದನ್ನು ಇನ್ನೊಂದರಲ್ಲಿ ತೆಗೆಯುತ್ತಾನೆ. ಆದರೆ ಸುಣ್ಣದ ಗಚ್ಚಿನ ಕೆಲಸ, ಕಲ್ಲಿನ ಕಮಾನು, ಹಳೆಯ ಗಾರೆ ಇವನ್ನೆಲ್ಲ ಮಾಡುವವನು ಆ ಗುತ್ತಿಗೆದಾರನಲ್ಲ. ಅವನು ಕೆಲಸ ಹಿಡಿದು, ತನ್ನ ಪಾಲು ಮುರಿದುಕೊಂಡು, ಕಡೆಗೆ ಒಬ್ಬ ಮೇಸ್ತ್ರಿಯ ಮನೆಯ ಮುಂದೆಯೇ ಗಾಡಿ ನಿಲ್ಲಿಸುತ್ತಾನೆ. ಉಳಿದ ಪುಡಿಗಾಸಿನಲ್ಲಿ ಮೇಸ್ತ್ರಿ ಗಚ್ಚಿಗೆ ಸಿಮೆಂಟು ಬೆರೆಸದೆ ಇನ್ನೇನು ಮಾಡುತ್ತಾನೆ?

ಆದ್ದರಿಂದ ಸಿಂದಗಿ ತಾಲೂಕಿನಲ್ಲಿ, ಮೋರಟಗಿ ದಾಟಿ ಒಂದು ಹಳ್ಳಿಯ ಮೆಟ್ಟಿಲುಬಾವಿಯ ದುರಸ್ತಿ ನನಗೆ ಬಂದಾಗ ಬೇರೆ ರೀತಿ ಬರೆಯುತ್ತೇನೆಂದು ಹಟ ಹಿಡಿದೆ. ಹಳೆಯ ಬಾವಿಗಳನ್ನು ಉಳಿಸಲೆಂದು ಕೆಲವರು ಕಟ್ಟಿಕೊಂಡಿದ್ದ ಒಂದು ಸಮಿತಿಯ ಕೆಲಸ ಅದು. ನಡುವೆ ದೊಡ್ಡ ಗುತ್ತಿಗೆದಾರ ಬೇಡ, ಕೆಲಸ ಮಾಡುವವರ ಹೆಸರಿಗೇ ಕರಾರು ಆಗಲಿ ಎಂದೆ. ಸಮಿತಿಯವರು ಒಪ್ಪಿದರು. ಕೆಲಸ ಮಾಡುವವರು ಯಾರೆಂದು ನನಗೆ ಆಗಲೇ ಗೊತ್ತಿತ್ತು. ಮುದ್ದೇಬಿಹಾಳದ ಕಡೆಯ ಅಣ್ಣತಮ್ಮಂದಿರು, ತಲೆತಲಾಂತರದಿಂದ ಕಲ್ಲಿನ ಕೆಲಸದವರು. ಅಣ್ಣ ಮೇಸ್ತ್ರಿ, ಮಾತು ಕಡಿಮೆ. ತಮ್ಮನ ಮಾತು ಅಣ್ಣನ ಪಾಲಿನದೂ ಸೇರಿ ಎರಡರಷ್ಟು.

ಬಾವಿಯ ಮೂಲೆಯಲ್ಲಿ ಪಕ್ಕಪಕ್ಕದ ಎರಡು ಕಮಾನು, ನಡುವಿನ ಕಂಬ ಸಮೇತ ಕುಸಿದಿದ್ದವು. ಎರಡನ್ನೂ ತಳದಿಂದ ಎಬ್ಬಿಸಬೇಕಿತ್ತು. ನಾನು ಅವರಿಬ್ಬರ ಜೊತೆ ಬಾವಿಯ ಮೆಟ್ಟಿಲ ಮೇಲೆ ಕೂತು ಪಟ್ಟಿ ಬರೆದೆ. ಸುಣ್ಣ, ಉಸುಕು, ಕಲ್ಲು ಸಮಿತಿಯೇ ಒದಗಿಸತಕ್ಕದ್ದು ಎಂದು ಬರೆದೆ. ಸುಣ್ಣ ಅರಳಿಸಿ ಕುಣಿಯಲ್ಲಿ ಕೊಳೆಹಾಕುವುದು ಬೇರೆ ಐಟಂ, ಯಾಕೆಂದರೆ ಕಮಾನು ಏಳುವ ಮೊದಲೇ ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಲ್ಲಿಯತನಕ ಅವರು ಏನು ತಿನ್ನಬೇಕು? ಗಚ್ಚನ್ನು ಗಾಣದಲ್ಲಿ ಅರೆಯುವುದು ಬೇರೆ. ಬಿದ್ದ ಕಲ್ಲು ಆರಿಸಿ ಹಳೆಯ ಜಾಗ ಗುರುತಿಸುವುದನ್ನು ಅಳತೆಯಲ್ಲಿ ಹಿಡಿಯಲಾಗುವುದಿಲ್ಲ, ಅದಕ್ಕೆ ದಿನಗೂಲಿ. ಕಂಬದ ಬುನಾದಿಯನ್ನು ಬಿಚ್ಚಿ ನೋಡುವ ತನಕ ಎಷ್ಟು ಕಟ್ಟಬೇಕೆಂದು ಯಾರಿಗೂ ಗೊತ್ತಿಲ್ಲ. ಅಲ್ಲಿ ಅಂದಾಜಿನ ಪರಿಮಾಣ ಹಾಕಿ, ಬಿಚ್ಚಿದ ಮೇಲೆ ಎರಡೂ ಕಡೆಯವರು ಕೂಡಿ ಅಳೆಯತಕ್ಕದ್ದು ಎಂದು ಬರೆದೆ. ಮೊದಲು ಒಂದು ಗೋಡೆಯ ತುಂಡನ್ನು ಮಾದರಿಯಾಗಿ ಕಟ್ಟಿ ತೋರಿಸಬೇಕು, ಮುಂದಿನ ಕೆಲಸವೆಲ್ಲ ಅದರ ಹಾಗೆಯೇ ಇರಬೇಕು.

"ಅಕ್ಕಾರ, ನಾ ಉಸಿರಾಡೂದಕ್ಕೂ ಒಂದ ಐಟಂ ಬರೀರಿ" ಎಂದ ತಮ್ಮ. "ಸುಣ್ಣದ ಧೂಳಿನ್ಯಾಗ ಅದೂ ಭಾಳ ತ್ರಾಸಿನ ಕೆಲಸ ಐತ್ರಿ."

"ಬಾಯಿ ಮುಚ್ಚಿಕೊಂಡಿರೂದಕ್ಕ ಬರೀತೇನಿ, ಅದು ನಿಂಗ ಇನ್ನೂ ತ್ರಾಸು" ಎಂದೆ.

ಅವನು ಬಾವಿಯೆಲ್ಲ ಗುಂಯ್‌ಗುಡುವ ಹಾಗೆ ನಕ್ಕ. ತನ್ನ ಬುತ್ತಿ ಬಿಚ್ಚಿ ಖಡಕ್ ರೊಟ್ಟಿಯ ಮೇಲೆ ಖಾರದ ಶೇಂಗಾ ಹಿಂಡಿಪುಡಿ ಉದುರಿಸಿ, ನಾನು ಬೇಡವೆಂದರೂ ಕೈಗೆ ಹಾಕಿದ. ಹೆಂಡತಿ ಕುಟ್ಟಿದ ಹಿಂಡಿ, ಊರಿಗೇ ಹೆಸರಾದದ್ದು ಎಂದು ಜಂಬ ಕೊಚ್ಚಿದ. ಆ ಹಿಂಡಿ ನಿಜಕ್ಕೂ ರುಚಿಯಾಗಿತ್ತು.

ಆಮೇಲೆ ಸೆಂಟ್ರಿಂಗಿನ ಮಾತು ಬಂತು. ಕಮಾನು ಕಟ್ಟುವಾಗ ಕೆಳಗೆ ಕಟ್ಟಿಗೆಯದೊಂದು ಬಿಲ್ಲು ನಿಲ್ಲಿಸಬೇಕು, ಕಲ್ಲುಗಳು ಅದರ ಮೇಲೆ ಕೂಡುತ್ತವೆ. ನೆತ್ತಿಯ ಕಲ್ಲು ಕೂತು, ಗಚ್ಚು ಬಿಗಿಯುವ ತನಕ ಭಾರವನ್ನೆಲ್ಲ ಹೊರುವುದು ಆ ಕಟ್ಟಿಗೆ. ಸಿಮೆಂಟಾದರೆ ಬೇಗ ಬಿಚ್ಚಬಹುದು. ಗಚ್ಚು ನಿಧಾನ, ಬಾವಿಯ ತಂಪಿನಲ್ಲಂತೂ ಇನ್ನೂ ನಿಧಾನ. ಇನ್ನೊಂದು ಸಂಗತಿಯೂ ಇತ್ತು. ಕಮಾನು ಎಂದರೆ ಎರಡೂ ಬದಿಗೆ ತಳ್ಳುತ್ತಲೇ ಇರುವ ವಸ್ತು. ಹೊರಗಿನ ಬದಿಯಲ್ಲಿ ಬಾವಿಯ ದಪ್ಪ ಗೋಡೆ ತಡೆಯುತ್ತದೆ. ನಡುವಿನ ಕಂಬ ಮಾತ್ರ ತೆಳ್ಳಗೆ. ಎಡಗಡೆಯ ಕಮಾನು ಅದನ್ನು ಬಲಕ್ಕೆ ತಳ್ಳಿದರೆ ಬಲಗಡೆಯ ಕಮಾನು ಎಡಕ್ಕೆ ತಳ್ಳಿ ನೆಟ್ಟಗೆ ನಿಲ್ಲಿಸುತ್ತದೆ. ಒಂದನ್ನು ಮಾತ್ರ ಕಟ್ಟಿ ಕೆಳಗಿನ ಕಟ್ಟಿಗೆ ಬಿಚ್ಚಿದರೆ ಕಂಬ ಒಂಟಿಯಾಗುತ್ತದೆ.

ಹಾಗಾಗಿ ಎರಡು ಸೆಟ್ ಬೇಕು ಎಂದು ಮೂವರೂ ಒಪ್ಪಿದೆವು. ಕಮಾನಿನ ಕಟ್ಟಡದ ಐಟಂನಿಂದ ಸೆಂಟ್ರಿಂಗನ್ನು ಹೊರಗೆ ತೆಗೆದು, ಬೇರೆ ಐಟಂ ಮಾಡಿದೆ. ಎರಡು ಸೆಟ್, ಮಾಡಿ ನಿಲ್ಲಿಸುವುದಕ್ಕೆ ಒಂದು ದರ, ನಿಂತಷ್ಟು ವಾರಕ್ಕೆ ಬಾಡಿಗೆಯ ಹಾಗೆ ಇನ್ನೊಂದು ದರ. ಅದಕ್ಕೆ ಜೋಡಿಯಾಗಿ ಸ್ಪೆಸಿಫಿಕೇಶನ್ನಿನಲ್ಲಿ ಒಂದು ಕಲಮು ಬರೆದೆ: ಎರಡೂ ಕಮಾನು ಪೂರ್ತಿಯಾಗುವ ತನಕ, ಲಿಖಿತ ಒಪ್ಪಿಗೆಯಿಲ್ಲದೆ ಯಾವ ಸೆಂಟ್ರಿಂಗನ್ನೂ ಬಿಚ್ಚತಕ್ಕದ್ದಲ್ಲ; ಬಿಚ್ಚುವಾಗ ಎರಡನ್ನೂ ಒಟ್ಟಿಗೆ, ಬೆಣೆಗಳನ್ನು ಸ್ವಲ್ಪಸ್ವಲ್ಪವೇ ಸಡಿಲಿಸಿ ಇಳಿಸತಕ್ಕದ್ದು. ಐಟಂ ರೊಕ್ಕ ಕೊಡುತ್ತದೆ, ಕಲಮು ರೀತಿ ಹೇಳುತ್ತದೆ. ಎರಡೂ ಒಂದನ್ನೊಂದು ಹಿಡಿದುಕೊಂಡಿರಬೇಕು. ಇದನ್ನು ನನಗೆ ಯಾರೂ ಕಾಲೇಜಿನಲ್ಲಿ ಕಲಿಸಿರಲಿಲ್ಲ, ಕೆಲಸ ಮಾಡುತ್ತ ಕಲಿತದ್ದು.

ಸಮಿತಿಗೆ ತಾಂತ್ರಿಕ ಸಲಹೆಗಾರರೊಬ್ಬರಿದ್ದರು, ನಿವೃತ್ತ ಎಂಜಿನಿಯರು. ರಸ್ತೆ, ಶಾಲೆ ಕಟ್ಟಡ, ಕಾಲುವೆ ಎಂದು ಜೀವಮಾನವೆಲ್ಲ ಕೆಲಸ ಮಾಡಿಸಿದವರು. ಕೆಟ್ಟವರೆಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಹೋದಾಗಲೆಲ್ಲ ಚಹಾ ತರಿಸುತ್ತಿದ್ದರು, ಊಟ ಆಯಿತೇ ಎಂದು ಕೇಳುತ್ತಿದ್ದರು. ನನ್ನ ಪಟ್ಟಿಯ ಮೇಲೆ ಕೆಂಪು ಪೆನ್ನು ಆಡಿಸುತ್ತ ಅವರು ಸೆಂಟ್ರಿಂಗಿನ ಐಟಂಗೆ ಬಂದು ನಿಂತರು.

"ಇದು ಡಬಲ್ ಆತಲ್ರಿ ಮೇಡಂ. ದರಪಟ್ಟಿಯೊಳಗ ಕಮಾನಿನ ಐಟಂ ಅಂದ್ರ ಸೆಂಟ್ರಿಂಗ್ ಸಹಿತ."

"ಅದು ಗುತ್ತಿಗೆದಾರನ ದರರೀ ಸರ್. ನಾ ಸಹಿತ ಬರದಿಲ್ಲ. ನನ್ನ ದರದಾಗ ಬರೇ ಕೈಕೆಲಸ ಐತಿ."

"ಆಡಿಟ್‌ನವ್ರು ಬಂದ್ರ ನಿಮ್ಮನ್ನ ಕೇಳೂದಿಲ್ಲ, ನನ್ನ ಕುತ್ತಿಗಿ ಹಿಡೀತಾರ. ಒಂದ ಕೆಲಸಕ್ಕ ಎರಡು ಸಲ ರೊಕ್ಕ ಕೊಟ್ರಿ ಅಂತಾರ."

ಕಂಬ, ತಳ್ಳುವುದು, ಗಚ್ಚಿನ ಬಿಗಿ ಎಲ್ಲವನ್ನೂ ಹೇಳಿದೆ. ಟೇಬಲ್ಲಿನ ಮೇಲೆ ಎರಡು ಚಹಾದ ಬಟ್ಟಲು ಬೋರಲು ಹಾಕಿ ತೋರಿಸಿದೆ. ಅವರು ತಲೆ ಅಲ್ಲಾಡಿಸಿದರು, ತಿಳಿಯಿತು ಎಂದರು. ತಿಳಿದ ಮೇಲೆಯೂ ಐಟಂ ಹೊಡೆದು ಹಾಕಿದರು. ಕಮಾನಿನ ಐಟಂನ ಕೊನೆಗೆ 'ಸೆಂಟ್ರಿಂಗ್ ಸಹಿತ' ಎಂದು ಸೇರಿಸಿದರು, ದರ ಇದ್ದಷ್ಟೇ ಇತ್ತು. ನಾನು ವಿರೋಧ ಬರೆದು ಕೊಟ್ಟೆ. ಅದು ಯಾವುದೋ ಫೈಲಿನಲ್ಲಿ ಹೋಗಿ ಮಲಗಿತು. ಪಟ್ಟಿ ಮಂಜೂರಾಗಿ ಬಂದಾಗ ಐಟಂ ಇರಲಿಲ್ಲ, ಸ್ಪೆಸಿಫಿಕೇಶನ್ನಿನ ಕಲಮು ಮಾತ್ರ ಒಂದಕ್ಷರವೂ ಹೋಗದೆ ಹಾಗೇ ಉಳಿದಿತ್ತು. ಸಲಹೆಗಾರರು ರೊಕ್ಕದ ಪಟ್ಟಿ ತಿದ್ದುತ್ತಾರೆ, ಸ್ಪೆಸಿಫಿಕೇಶನ್ ಓದುವುದಿಲ್ಲ. ಎಲ್ಲರೂ ಮಾಡುವುದು ಅದನ್ನೇ.

ಕರಾರಿಗೆ ಸಹಿ ಮಾಡುವ ದಿನ ಮೇಸ್ತ್ರಿಗೆ ಪ್ರತಿಯೊಂದನ್ನೂ ಓದಿ ಹೇಳಿದೆ. ಸೆಂಟ್ರಿಂಗಿಗೆ ಬೇರೆ ರೊಕ್ಕ ಇಲ್ಲ, ಆದರೆ ಎರಡು ಸೆಟ್ ಬೇಕೇ ಬೇಕು, ಬೇಕಾದರೆ ಈ ಕೆಲಸ ಬಿಡಿರಿ ಎಂದೂ ಹೇಳಿದೆ.

"ಒಂದು ಸೆಟ್ ಮನ್ಯಾಗ ಐತ್ರಿ, ಅಪ್ಪನ ಕಾಲದ್ದು. ಇನ್ನೊಂದು ಎಲ್ಲ್ಯರ ತರ್ತೇನ್ರಿ" ಎಂದ. "ಇಂಥಾ ಕೆಲಸ ಕೈಗೆ ಸಿಗೂದಿಲ್ರಿ ಅಕ್ಕಾರ. ಟೈಲ್ಸ್ ಹಚ್ಚಿ ಹಚ್ಚಿ ಬ್ಯಾಸರ ಬಂದೈತಿ."

ಗುತ್ತಿಗೆದಾರ ಎಂಬ ಶಬ್ದದ ಮುಂದೆ ಅವನು ತನ್ನ ಸಹಿ ಹಾಕಿದ. ಅವನ ಹೆಸರಿಗೇ ಕರಾರು ಆಯಿತಲ್ಲ ಎಂದು ನನಗೆ ಖುಷಿಯಾಯಿತು.

ಸುಣ್ಣ ಕೊಳೆಯಿತು, ಕಂಬ ಎದ್ದಿತು. ಎಡಗಡೆಯ ಕಮಾನಿನ ನೆತ್ತಿಯ ಕಲ್ಲು ಕೂತ ದಿನ ನಾನು ಅಲ್ಲಿದ್ದೆ. ತಮ್ಮ ಕಲ್ಲಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಮೊದಲ ಹೋಳು ನನಗೆ ಕೊಟ್ಟ. ಇಷ್ಟು ಚಂದದ ಕಮಾನನ್ನು ಇತ್ತೀಚೆಗೆ ನಾನು ನೋಡಿರಲಿಲ್ಲ. ಇನ್ನೊಂದು ಸೆಟ್ ಎಲ್ಲಿ ಎಂದು ಕೇಳಿದಾಗ ಮೇಸ್ತ್ರಿ, ತಾಳಿಕೋಟೆ ಕಡೆ ಒಬ್ಬರು ಕೊಡುತ್ತೇನೆಂದಿದ್ದಾರೆ, ಬರುತ್ತದೆ ಎಂದ. ನಾನು ಬಸವನ ಬಾಗೇವಾಡಿಯಲ್ಲಿ ಹಿಡಿದಿದ್ದ ಇನ್ನೊಂದು ಕೆಲಸಕ್ಕೆ ಹೋದೆ.

ಸೆಟ್ ಬರಲಿಲ್ಲ. ಕೊಡುತ್ತೇನೆಂದವನು ಒಂದು ದೊಡ್ಡ ಸ್ಲ್ಯಾಬಿನ ಕೆಲಸಕ್ಕೆ ಬಾಡಿಗೆಗೆ ಕೊಟ್ಟುಬಿಟ್ಟಿದ್ದ. ಹೊಸದಾಗಿ ಮಾಡಿಸಲು ಮೇಸ್ತ್ರಿಯ ಕೈಯಲ್ಲಿ ಏನೂ ಇರಲಿಲ್ಲ. ಅಳತೆಪುಸ್ತಕದಲ್ಲಿ ಎರಡೂ ಕಮಾನು ಸೇರಿ ಒಂದೇ ಐಟಂ, ಪೂರ್ತಿಯಾಗದೆ ಬಿಲ್ ಪಾಸಾಗುವುದಿಲ್ಲ. ಮಳೆ ಹತ್ತಿರ ಬಂದಿತ್ತು. ಬಾವಿಗೆ ನೀರು ಏರಿದರೆ ಕೆಲಸ ಮುಂದಿನ ಬೇಸಿಗೆಗೆ ಹೋಗುತ್ತದೆ, ಬೇಗ ಮುಗಿಸಿ ಎಂದು ಸಮಿತಿಯಿಂದ ದಿನಾ ಫೋನು. ಗಚ್ಚು ಮೇಲೆ ಒಣಗಿದ ಹಾಗೆ ಕಾಣುತ್ತಿತ್ತು. ಅಣ್ಣತಮ್ಮಂದಿರು ಮಾತಾಡಿಕೊಂಡರು. ಎಡಗಡೆಯ ಸೆಟ್ ಬಿಚ್ಚಿ ಬಲಗಡೆಗೆ ನಿಲ್ಲಿಸೋಣ, ಕಂಬಕ್ಕೆ ಅಡ್ಡ ಒಂದು ತೊಲೆ ಆನಿಸೋಣ ಎಂದುಕೊಂಡರು. ನನಗೆ ಫೋನ್ ಮಾಡಿದರೆ ಬೈಯುತ್ತೇನೆಂದು ಮಾಡಲಿಲ್ಲ. ಇದನ್ನು ಮೇಸ್ತ್ರಿಯೇ ಆಮೇಲೆ ನನಗೆ ಹೇಳಿದ. ನಿಜ, ಬೈಯುತ್ತಿದ್ದೆ.

ಬಾಗೇವಾಡಿಯಲ್ಲಿ ಒಂದು ಗೋಡೆಯ ಅಳತೆ ಹಿಡಿಯುತ್ತಿದ್ದಾಗ ಹಳ್ಳಿಯ ಯಾರೋ ಫೋನ್ ಮಾಡಿದರು. ಸಿಕ್ಕ ಗಾಡಿ ಹತ್ತಿ ನಾನು ಬಾವಿ ತಲುಪುವ ಹೊತ್ತಿಗೆ ತಮ್ಮನನ್ನು ಹೊರಗೆ ತೆಗೆದಿದ್ದರು. ಬೆಣೆ ಹೊಡೆದು ಕಟ್ಟಿಗೆ ಇಳಿಸಿ, ಕೊನೆಯ ಹಲಗೆಯನ್ನು ಎಳೆದುಕೊಳ್ಳಲು ಅವನು ಕಮಾನಿನ ಕೆಳಗೆ ಹೋದಾಗ ಆನಿಸಿದ್ದ ತೊಲೆ ಜಾರಿತ್ತು. ಕಂಬ ಬಲಕ್ಕೆ ವಾಲಿತು, ಕಮಾನು ಅವನ ಮೇಲೆಯೇ ಕೂತಿತು. ಅಣ್ಣ ಮೇಲೆ ಮೆಟ್ಟಿಲಲ್ಲಿ ಹಗ್ಗ ಹಿಡಿದು ನಿಂತಿದ್ದವನು, ಕೈಯಲ್ಲಿ ಆ ಹಗ್ಗ ಇನ್ನೂ ಇತ್ತು. ಅದನ್ನು ಬಿಡಿಸಿಕೊಳ್ಳಲು ಯಾರಿಗೂ ಧೈರ್ಯವಾಗಿರಲಿಲ್ಲ, ನಾನೇ ಬಿಡಿಸಿದೆ. ಬಿದ್ದ ಕಲ್ಲಿನ ಸಂದಿಯಲ್ಲಿದ್ದ ಗಚ್ಚನ್ನು ಬೆರಳಿನಿಂದ ಒತ್ತಿದೆ. ಒಳಗೆ ಇನ್ನೂ ಬೆಣ್ಣೆಯಂತೆ ಮೆತ್ತಗಿತ್ತು.

ಅಲ್ಲಿಯತನಕ ಆದದ್ದು ಸಾವು. ಅದರ ಮುಂದಿನದು ನನ್ನ ಕಾಗದದ ಕೆಲಸ.

ಸತ್ತವನು ಕೂಲಿಯವನು, ಕೆಲಸ ಕೊಟ್ಟವನು ಯಾರು ಎಂದು ಪೊಲೀಸರು ಕೇಳಿದರು. ಕರಾರಿನಲ್ಲಿ ಗುತ್ತಿಗೆದಾರ ಅಂತ ಸಹಿ ಮಾಡಿದವನು ಅಣ್ಣ. ತಮ್ಮ ಅವನ ಕೈಕೆಳಗಿನ ಆಳು. ಒಂದೇ ತಟ್ಟೆಯಲ್ಲಿ ಉಂಡು, ಬಂದದ್ದನ್ನು ಅರ್ಧರ್ಧ ಹಂಚಿಕೊಳ್ಳುತ್ತಿದ್ದವರು ಕಾಗದದ ಮೇಲೆ ಧಣಿ ಮತ್ತು ಆಳು ಆಗಿದ್ದರು. ನಿರ್ಲಕ್ಷ್ಯದಿಂದ ಸಾವು ಎಂದು ಅಣ್ಣನ ಮೇಲೆ ಕೇಸಾಯಿತು. ತಮ್ಮನ ಹೆಂಡತಿಗೆ ಪರಿಹಾರ ಬೇಕೆಂದರೆ ಅದನ್ನು ಕೇಳಬೇಕಾದ್ದೂ ಮೊದಲು ಆ ಅಣ್ಣನನ್ನೇ ಎಂದು ವಕೀಲರು ಹೇಳಿದರು. ಸಮಿತಿಯವರು ಕರಾರಿನ ಪುಟ ತೋರಿಸಿ ಪಕ್ಕಕ್ಕೆ ಸರಿದರು. ನಡುವೆ ಒಬ್ಬ ದೊಡ್ಡ ಗುತ್ತಿಗೆದಾರ ಇದ್ದಿದ್ದರೆ ಈ ಹೊರೆ ಬೀಳುತ್ತಿದ್ದದ್ದು ಅವನ ಮೇಲೆ. ಮೇಸ್ತ್ರಿಯ ಪಾಲಿನ ಲಾಭ ತಿನ್ನಬಾರದೆಂದು ನಾನು ಅವನನ್ನು ತೆಗೆಸಿದ್ದೆ. ಲಾಭದ ಜೊತೆ ಅವನು ಹೊರುವ ಹೊರೆಯೂ ಮೇಸ್ತ್ರಿಯ ತಲೆಗೆ ಬರುತ್ತದೆಂದು ಪಟ್ಟಿಯಲ್ಲಿ ಅದಕ್ಕೂ ಐಟಂ ಇಟ್ಟಿದ್ದೆ, ಆಳುಗಳ ವಿಮೆ ಸಮಿತಿಯೇ ಮಾಡಿಸತಕ್ಕದ್ದು ಎಂದು. ಅದೂ ಕೆಂಪು ಪೆನ್ನಿಗೆ ಹೋಗಿತ್ತು, ಗುತ್ತಿಗೆದಾರನ ದರದಲ್ಲಿ ಸಹಿತ ಎಂದು.

ತನಿಖೆಯ ಅಧಿಕಾರಿ ನನ್ನ ಕಚೇರಿಗೆ ಬಂದ. ಸಲಹೆಗಾರರ ಕೆಂಪು ಪೆನ್ನು ಬೀಳುವ ಮೊದಲಿನ ಪಟ್ಟಿ, ನನ್ನ ವಿರೋಧದ ಪತ್ರ ಎಲ್ಲವನ್ನೂ ನಾನು ಮುಂದೆ ಇಟ್ಟೆ.

"ಇದರಾಗ ಮಂಜೂರಾದದ್ದು ಯಾವುದ್ರಿ?" ಎಂದ.

"ಇದಲ್ಲ. ಇದು ಕರಡು."

"ಕರಡು ನನಗೇನ್ ಉಪಯೋಗ ಇಲ್ರಿ ಮೇಡಂ" ಎಂದು ಮಂಜೂರಾದ ಪ್ರತಿ ತೆಗೆದುಕೊಂಡು ಹೋದ.

ಸಿಂದಗಿಯ ಕೋರ್ಟಿಗೆ ನನ್ನನ್ನು ಸಾಕ್ಷಿ ಎಂದು ಕರೆದರು, ಮೇಸ್ತ್ರಿಯ ವಿರುದ್ಧದ ಸಾಕ್ಷಿ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಅವನೂ, ತಮ್ಮನ ಹೆಂಡತಿಯೂ ಒಂದೇ ಬಸ್ಸಿನಿಂದ ಇಳಿದರು. ಅವನು ಮುಂದಿನ ಬಾಗಿಲಿನಿಂದ, ಅವಳು ಹಿಂದಿನದರಿಂದ. ಒಂದೇ ಅಂಗಳದ ಮನೆ, ಈಗ ಎರಡು ಒಲೆ ಉರಿಯುತ್ತವೆ ಎಂದು ಯಾರೋ ಹೇಳಿದ್ದರು. ನಾನು ಅವಳ ಹತ್ತಿರ ಹೋದೆ. ಅವಳು ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. ಅವಳು ಕುಟ್ಟಿದ ಹಿಂಡಿ ತಿಂದವಳು ನಾನು ಎಂದು ಅವಳಿಗೆ ಗೊತ್ತೋ ಇಲ್ಲವೋ.

ಸರಕಾರಿ ವಕೀಲರು ಸ್ಪೆಸಿಫಿಕೇಶನ್ನಿನ ಪುಟವನ್ನು ನನ್ನ ಮುಂದೆ ಹಿಡಿದರು. ಈ ಕಲಮು ಬರೆದವರು ನೀವೇ ಏನು ಎಂದು ಕೇಳಿದರು. ಹೌದು ಎಂದೆ. ಲಿಖಿತ ಒಪ್ಪಿಗೆಯಿಲ್ಲದೆ ಬಿಚ್ಚತಕ್ಕದ್ದಲ್ಲ ಎಂದು ಇದೆಯಲ್ಲ, ಆರೋಪಿ ನಿಮ್ಮ ಒಪ್ಪಿಗೆ ಕೇಳಿದ್ದರೋ? ಇಲ್ಲ ಎಂದೆ. ಈ ಕಲಮಿನ ಹಾಗೆ ಕೆಲಸ ಆಗಿದ್ದರೆ ಕಮಾನು ಬೀಳುತ್ತಿತ್ತೋ? ಇಲ್ಲ, ಆದರೆ ಈ ಕಲಮಿಗೆ ಒಂದು ಐಟಂ ಇತ್ತು, ಎರಡು ಸೆಟ್ಟಿನ ಐಟಂ, ಅದನ್ನು ತೆಗೆದು ಹಾಕಿ ಇದನ್ನು ಮಾತ್ರ ಇಟ್ಟುಕೊಂಡರೆ ಇದರ ಹಾಗೆ ಮಾಡುವುದು ಹೇಗೆ ಎಂದು ನಾನು ಶುರು ಮಾಡಿದೆ. ನನ್ನ ದನಿ ಏರಿತ್ತು. ಕೇಳಿದ್ದಕ್ಕಷ್ಟೇ ಉತ್ತರ ಹೇಳಿರಿ ಎಂದು ನ್ಯಾಯಾಧೀಶರು ತಡೆದರು. ಬೀಳುತ್ತಿರಲಿಲ್ಲ ಎಂಬುದನ್ನು ಮಾತ್ರ ಬರೆದುಕೊಂಡರು. ಮೇಸ್ತ್ರಿಯ ಕಡೆಯ ವಕೀಲ, ಕಸುಬಿಗೆ ಹೊಸಬ, ಉಳಿದದ್ದನ್ನು ಕೇಳಿಯಾನೆಂದು ಅವನ ಕಡೆ ನೋಡಿದೆ. ಪ್ರಶ್ನೆಯಿಲ್ಲ ಎಂದ.

ಹೊರಗೆ ಬಂದು ಬೇವಿನ ಮರದ ಕೆಳಗೆ ಆ ವಕೀಲನನ್ನು ಹಿಡಿದು ಬಾಯಿಗೆ ಬಂದ ಹಾಗೆ ಬೈದೆ. ನನ್ನ ವಿರೋಧದ ಪತ್ರ ನಿನ್ನ ಕೈಗೆ ಕೊಟ್ಟಿದ್ದೆನಲ್ಲ, ಕಡತಕ್ಕೆ ಯಾಕೆ ಹಾಕಲಿಲ್ಲ ಎಂದು ಕೇಳಿದೆ. ಅವನು ಮೇಸ್ತ್ರಿಯ ಕಡೆ ಕೈ ತೋರಿಸಿದ. "ಅವ್ರ ಬ್ಯಾಡ ಅಂದ್ರು ಮೇಡಂ."

ಮೇಸ್ತ್ರಿ ದೂರದಲ್ಲಿ ಕೈಕಟ್ಟಿ ನಿಂತಿದ್ದ. ನಾನು ಹತ್ತಿರ ಹೋಗಿ, ಯಾಕೆ ಬೇಡವೆಂದಿರಿ, ನಿಮಗೇನು ತಲೆ ಕೆಟ್ಟಿದೆಯೇ ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದೆ. ಅವನಿಗೆ ಸಿಟ್ಟು ಬರಲಿಲ್ಲ.

"ಐಟಂ ಇರಲಿಲ್ಲ ಅಂತ ಹೇಳಿ ನಾ ಪಾರಾಗಲೇನ್ರಿ ಅಕ್ಕಾರ?" ಎಂದ. "ನೀವು ಬರದದ್ದು ಖರೇ ಇತ್ರಿ. ಹಂಗ ಮಾಡಿದ್ರ ಅಂವ ಇರತಿದ್ದ. ಸೆಟ್ ಬಿಚ್ಚೂನು ಅಂದಾಂವ ನಾನ. ಅಂವ ಬ್ಯಾಡೋ ಅಣ್ಣಾ, ಅಕ್ಕಾರಿಗೆ ಒಂದ ಮಾತು ಕೇಳೂನು ಅಂದಿದ್ದ. ನಾನ ಕೇಳೂದು ಬ್ಯಾಡ ಅಂದ್ಯಾ."

ತಮ್ಮನ ಹೆಂಡತಿ ಅಲ್ಲೇ ಮರದ ಆಚೆ ನಿಂತಿದ್ದಳು. ಅವನ ಮಾತು ಅವಳಿಗೂ ಕೇಳಿಸಿತು. ಅವಳು ಒಂದು ಗಳಿಗೆ ಅವನ ಮುಖವನ್ನು ನೋಡಿ, ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟಳು.